ಉಯ್ಯಾಲೆ ಗೋಡೆಗೆ ಬಡಿಯಿತು, ಗೇಟು ಮೆಟ್ಟಿಲಿಗೆ ತಾಗಿತು

ಒಂದು ಮನೆಯ ಮುಂಭಾಗದ 3D ಚಿತ್ರ ರೆಂಡರ್ ಮಾಡಿಕೊಡಬೇಕಿತ್ತು. ವರಾಂಡ, ಅದರಲ್ಲೊಂದು ಉಯ್ಯಾಲೆ, ಕಲ್ಲಿನ ಮೆಟ್ಟಿಲು, ಮುಂದೆ ಗೇಟು. 3D ತಂತ್ರಾಂಶ ಬ್ಲೆಂಡರ್‌ನಲ್ಲಿ ಎರಡು ದಿನದ ಕೆಲಸ ಅಂದುಕೊಂಡಿದ್ದೆ.

ಮೊದಲ ಚಿತ್ರ ನೋಡೋಕೆ ಚೆನ್ನಾಗಿಯೇ ಇತ್ತು. ವರಾಂಡ ನೆಲದಿಂದ 60 ಸೆಂ.ಮೀ. ಎತ್ತರ. ನಾನು 20 ಸೆಂ.ಮೀ.ಯಂತೆ ಮೂರು ಮೆಟ್ಟಿಲು ಹಾಕಿದ್ದೆ. ಮನೆಯವರು ನೋಡಿದ ಕೂಡಲೇ, "ಅಜ್ಜಿಗೆ ಹತ್ತೋಕೆ ಕಷ್ಟ ಅಲ್ವಾ?" ಅಂದರು. ಸರಿ, 15 ಸೆಂ.ಮೀ.ಯಂತೆ ನಾಲ್ಕು ಮಾಡಿದೆ. ನಾಲ್ಕನೆಯದು ವರಾಂಡದ ನೆಲವೇ ಆದ್ದರಿಂದ ಹೊರಗೆ ಚಾಚಿದ್ದು ಮೂರು ಕಲ್ಲು. ಒಂದೊಂದೂ 30 ಸೆಂ.ಮೀ. ಅಗಲ, ಒಟ್ಟು 90.

ತೊಂದರೆ ಶುರುವಾಗಿದ್ದೇ ಅಲ್ಲಿ. ಗೇಟಿನಿಂದ ವರಾಂಡದ ಅಂಚಿಗೆ ಇದ್ದದ್ದು 2 ಮೀಟರ್. ಮೆಟ್ಟಿಲು ಕಳೆದರೆ ಉಳಿದದ್ದು 1.1 ಮೀಟರ್. ಗೇಟಿನ ಬಾಗಿಲು 1.2 ಮೀಟರ್! ಮುಚ್ಚಿದ ಗೇಟನ್ನು ರೆಂಡರ್ ಮಾಡಿ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೂರ್ತಿ ತೆರೆದು ತೋರಿಸೋಣ ಅಂತ ತಿರುಗಿಸಿದಾಗ ಸಿಕ್ಕಿಬಿತ್ತು. ಅದೂ ಮೊದಲ ಸಲ ಗೇಟು ನಡುವಿನಿಂದ ಗಿರಗಿರ ತಿರುಗಿತು. ಅದರ ಆರಿಜಿನ್, ಅಂದರೆ ಅದು ತಿರುಗುವ ಬಿಂದು, ಮಧ್ಯದಲ್ಲಿತ್ತು. 3D ಕರ್ಸರನ್ನು ಕೀಲಿನ ಮೇಲಿಟ್ಟು Origin to 3D Cursor ಕೊಟ್ಟು ಆ ಬಿಂದುವನ್ನು ಅಲ್ಲಿಗೆ ತಂದ ಮೇಲೆ ಸರಿಯಾಗಿ ತೆರೆದು, ಕೆಳಗಿನ ಮೆಟ್ಟಿಲಿಗೆ ಹೋಗಿ ನಿಂತಿತು. ಕೊನೆಗೆ 60 ಸೆಂ.ಮೀ.ಯ ಎರಡು ಬಾಗಿಲು ಮಾಡಿದೆ.

ಆಮೇಲೆ ಉಯ್ಯಾಲೆ ಮೇಲೆ ಅನುಮಾನ ಬಂತು. ಚಾವಣಿಯ ಕೊಕ್ಕೆಯ ಜಾಗದಲ್ಲಿ Empty ಎಂಬ, ಚಿತ್ರದಲ್ಲಿ ಕಾಣದ ಒಂದು ಗುರುತು ಇಟ್ಟು, ಸರಪಳಿ, ಹಲಗೆ ಎಲ್ಲವನ್ನೂ Ctrl+P ಒತ್ತಿ ಅದಕ್ಕೆ ಕಟ್ಟಿದೆ. ಈಗ ಅದೊಂದನ್ನು ತಿರುಗಿಸಿದರೆ ಉಯ್ಯಾಲೆ ನಿಜವಾಗಿ ತೂಗುತ್ತದೆ. ಕೊಕ್ಕೆಯಿಂದ ಹಲಗೆಗೆ 2.4 ಮೀಟರ್. 20 ಡಿಗ್ರಿ ತೂಗಿದರೆ ಹಲಗೆ ಸುಮಾರು 82 ಸೆಂ.ಮೀ. ಆಚೆ ಹೋಗುತ್ತದೆ. ಹಲಗೆಯ ಅರ್ಧ ಅಗಲ 25 ಸೇರಿಸಿದರೆ 107. ವರಾಂಡದ ಅಗಲ 1.8 ಮೀಟರ್, ಅಂದರೆ ನಡುವಿನಿಂದ ಗೋಡೆಗೆ 90 ಸೆಂ.ಮೀ. ಅಷ್ಟೇ. ಹಿಂದೆ ತಲೆ ಗೋಡೆಗೆ, ಮುಂದೆ ಕಾಲು ಮೆಟ್ಟಿಲ ಮೇಲೆ! ಉಯ್ಯಾಲೆಯನ್ನು ಬಾಗಿಲಿನಿಂದ ದೂರದ ಮೂಲೆಗೆ ಒಯ್ದು, ವರಾಂಡದ ಉದ್ದಕ್ಕೆ ತೂಗುವಂತೆ ತಿರುಗಿಸಿದೆ.

ಬೆಳಕಿಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಆದರೆ ಮೆಟ್ಟಿಲು ಮಾತ್ರ ರಟ್ಟಿನ ಪೆಟ್ಟಿಗೆಯ ಹಾಗೆ ಕಾಣುತ್ತಿತ್ತು. ಅಂಚು ಚೂರಿಯಷ್ಟು ಚೂಪಾಗಿತ್ತು, ಅದಕ್ಕೇ. ಅಂಚನ್ನು ಮೊಂಡು ಮಾಡೋಕೆ 4 ಮಿ.ಮೀ. Bevel ಕೊಟ್ಟೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬಂತು. ಕಲ್ಲನ್ನು ಎಳೆದು ಉದ್ದ ಮಾಡಿ, ಆ ಹೊಸ ಅಳತೆಯನ್ನು ಖಾಯಂ ಮಾಡುವ Apply Scale ಮರೆತಿದ್ದೆ. ಅದನ್ನು ಸರಿಮಾಡಿದ ಮೇಲೆ ಪ್ರತಿ ಅಂಚಿನಲ್ಲೂ ಬಿಸಿಲಿನ ತೆಳು ಗೆರೆ ಮೂಡಿತು.

ಅಂತಿಮ ಚಿತ್ರ ಕಳಿಸಿದೆ. ಅಜ್ಜಿ ಕೇಳಿದ್ದು ಇಷ್ಟೇ: "ಹತ್ತುವಾಗ ಹಿಡ್ಕೊಳ್ಳೋಕೆ ಏನೂ ಇಲ್ವಾ?" ಕಂಬಿ ಹಾಕೋಕೆ ಮತ್ತೆ ಫೈಲ್ ತೆರೆದೆ.