ಅಪ್ಪಣೆ ಮೊಮ್ಮಗನದು, ಗೆರೆ ಅಜ್ಜಿಯದು: ಫೋನಿನಲ್ಲಿ ಕನ್ನಡ ಆಡಿಸಿದ ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆಯುತ್ತಿರುವ ನನ್ನ ಮೊಮ್ಮಗನಿಗೆ ಈಗ ಆರು ವರ್ಷ. ಪುಣೆಯಲ್ಲಿರುವ ನಮ್ಮೊಂದಿಗೆ ಅವನು ಫೋನಿನಲ್ಲಿ ಹತ್ತು ಹನ್ನೆರಡು ನಿಮಿಷ, ಒಮ್ಮೊಮ್ಮೆ ಕಾಲು ಗಂಟೆ, ಕನ್ನಡದಲ್ಲಿಯೇ ಮಾತನಾಡುತ್ತಾನೆ. ಇದು ಆಗದ ಮಾತು ಎಂದು ನಮ್ಮ ಬೀಗರು, ಧಾರವಾಡದಲ್ಲಿರುವ ನನ್ನ ತಮ್ಮ, ಇಲ್ಲಿಯ ಕನ್ನಡ ಬಳಗದ ಗೆಳತಿಯರು ಎಲ್ಲರೂ ಹೇಳಿದ್ದರು. ಹಾಗೆ ಹೇಳಲು ಕಾರಣವೂ ಇತ್ತು. ಅಳಿಯಂದಿರದು ಮರಾಠಿ ಮನೆತನ, ಗಂಡ ಹೆಂಡತಿ ತಮ್ಮಲ್ಲಿ ಆಡುವುದು ಇಂಗ್ಲಿಷ್ ಮತ್ತು ಮರಾಠಿ, ಶಾಲೆಯಂತೂ ಇಂಗ್ಲಿಷಿನದೇ. ಮಗುವಿನ ಕಿವಿಗೆ ಕನ್ನಡ ಬೀಳುತ್ತಿದ್ದದ್ದು ನನ್ನ ಮಗಳ ಬಾಯಿಂದ ಮಾತ್ರ. ಅವನಿಗೆ ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಹೊರದೇಶದಲ್ಲಿ ಮೊಮ್ಮಕ್ಕಳಿರುವ ಎಲ್ಲರಿಗೂ ಈ ಸ್ಥಿತಿ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ.

ಮೊದಲು ಹಣ ಹೋದದ್ದನ್ನು ಹೇಳಿಬಿಡುತ್ತೇನೆ. ಮಗಳು ವಾರಕ್ಕೆ ಎರಡು ಆನ್‌ಲೈನ್ ತರಗತಿ ಹಾಕಿದ್ದಳು. ಒಂದಕ್ಕೆ ಸುಮಾರು ಹನ್ನೆರಡು ಡಾಲರ್. ಏಳೆಂಟು ತಿಂಗಳಿಗೆ ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿ ಮೀರಿತು. ಮಗು ವರ್ಣಮಾಲೆಯನ್ನು ತಪ್ಪಿಲ್ಲದೆ ಒಪ್ಪಿಸುವುದನ್ನು ಕಲಿತಿತು. ‘ನೀರು ಬೇಕು’ ಎಂದು ಕೇಳುವುದನ್ನು ಕಲಿಯಲಿಲ್ಲ. ನಾವು ಇಲ್ಲಿಂದ ಕೊರಿಯರಿನಲ್ಲಿ ಕಳಿಸಿದ ಚಿತ್ರಪುಸ್ತಕಗಳಿಗೆ ಪುಸ್ತಕದ ಬೆಲೆಗಿಂತ ಸಾಗಣೆಯೇ ಹೆಚ್ಚಾಯಿತು. ನಮ್ಮವರು ತಮ್ಮ ದನಿಯಲ್ಲಿ ಕತೆಗಳನ್ನು ಹೇಳಿ ಮುದ್ರಿಸಿ ಕಳಿಸುತ್ತಿದ್ದರು. ಅವನ್ನು ಮಗು ಮಲಗುವಾಗ ಇಷ್ಟಪಟ್ಟು ಕೇಳಿತು, ಈಗಲೂ ಕೇಳುತ್ತದೆ. ಆದರೆ ಕೇಳುವುದು ಅವನಿಗೆ ಮೊದಲೇ ಬರುತ್ತಿತ್ತು, ಬಾರದೆ ಇದ್ದದ್ದು ಆಡುವುದು.

‘ನನಗೆ ಇಂಗ್ಲಿಷ್ ತಿಳಿಯುವುದಿಲ್ಲ’ ಎಂದು ನಟಿಸಿರಿ ಎಂಬ ಸಲಹೆ ನಮ್ಮಲ್ಲಿ ಬಹಳ ಓಡಾಡುತ್ತದೆ. ನಿಜವಾಗಿಯೂ ಇಂಗ್ಲಿಷ್ ಬಾರದ ಹಿರಿಯರ ಎದುರು ಮಗು ಕನ್ನಡಕ್ಕೆ ತಿರುಗುವುದನ್ನು ನಾನು ಕಂಡಿದ್ದೇನೆ. ಆದರೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನಾನು ಅಳಿಯಂದಿರ ಸ್ನೇಹಿತರೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಿದ್ದನ್ನು ಅವನು ನೋಡಿದ್ದಾನೆ. ನಾಲ್ಕು ವರ್ಷ ದಾಟಿದ ಮಗುವಿಗೆ ಯಾರಿಗೆ ಯಾವ ಮಾತು ಬರುತ್ತದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ, ನಟನೆಯನ್ನು ಅದು ಒಪ್ಪುವುದಿಲ್ಲ.

ದಾರಿ ಸಿಕ್ಕಿದ್ದು ಅವನಿಗೆ ಬರುವ ಕನ್ನಡ ಎಂಥದು ಎಂದು ಗಮನಿಸಿದಾಗ. ಮಗಳು ಅವನೊಂದಿಗೆ ಆಡುವುದನ್ನು ಒಂದು ವಾರ ಕಿವಿಗೊಟ್ಟು ಕೇಳಿದೆ. ಬಾ, ಕೂಡು, ತಿನ್ನು, ಬೂಟು ಹಾಕ್ಕೋ, ಬ್ಯಾಡ, ಸಾಕು. ಕೆಲಸಕ್ಕೆ ಹೋಗುವ ತಾಯಿಯ ಕನ್ನಡದಲ್ಲಿ ಮುಕ್ಕಾಲು ಪಾಲು ಅಪ್ಪಣೆಯೇ ಇರುತ್ತದೆ, ಆದ್ದರಿಂದ ಮಗುವಿನ ತಲೆಯಲ್ಲಿರುವ ಕ್ರಿಯಾಪದಗಳೂ ಅಪ್ಪಣೆಯ ರೂಪದಲ್ಲಿಯೇ ಇರುತ್ತವೆ. ಇಂಥ ಮಗುವಿಗೆ ನಾವು ‘ಶಾಲೆಯಲ್ಲಿ ಏನು ಮಾಡಿದೆ?’ ಎಂದು ಕೇಳಿದರೆ ಅದಕ್ಕೆ ಬೇಕಾಗುವುದು ‘ಮಾಡಿದೆ, ಆಡಿದೆವು, ಬಿದ್ದನು’ ಎಂಬ ರೂಪಗಳು. ಅವು ಅವನ ಬಳಿ ಇರಲೇ ಇಲ್ಲ, ಹೀಗಾಗಿ ಇಂಗ್ಲಿಷ್ ಬರುತ್ತಿತ್ತು. ಹಾಗಾದರೆ ಅಪ್ಪಣೆ ಕೊಡುವ ಅಧಿಕಾರವನ್ನೇ ಅವನಿಗೆ ಕೊಡೋಣ, ಪಾಲಿಸುವ ಕೆಲಸ ನನ್ನದಾಗಲಿ ಎಂದು ನಿಶ್ಚಯಿಸಿದೆ.

ಕೆಲಸಕ್ಕೆ ಆರಿಸಿಕೊಂಡದ್ದು ಚುಕ್ಕಿ ರಂಗೋಲಿ. ಮಗಳು ಅಲ್ಲಿ ಐದೈದು ಚುಕ್ಕಿಗಳ ಒಂದು ಚಿತ್ರವನ್ನು ಕಾಗದದ ಮೇಲೆ ಬರೆದು ಅವನ ಕೈಗೆ ಕೊಡುತ್ತಾಳೆ, ಅದನ್ನು ನಾನು ನೋಡಿರಬಾರದು. ನನ್ನ ಮುಂದಿನ ಕಪ್ಪು ಹಲಗೆಯ ಮೇಲೆ ಚುಕ್ಕಿಗಳಷ್ಟೇ ಇರುತ್ತವೆ, ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಅವನು ಹೇಳಬೇಕು. ನನಗೆ ಚಿತ್ರ ಗೊತ್ತಿಲ್ಲವೆಂಬುದು ಇಲ್ಲಿ ನಿಜ, ನಟನೆ ಬೇಕಿಲ್ಲ.

ಹಲಗೆಯನ್ನು ಅಪ್ಪಾ ಬಳವಂತ ಚೌಕದಿಂದ ತಂದೆ. ಫೋನನ್ನು ಹಲಗೆಯ ಮೇಲೆ ಬಾಗಿಸಿ ನಿಲ್ಲಿಸುವ ಸ್ಟ್ಯಾಂಡಿಗೆ ಮೊದಲು ಮುನ್ನೂರು ರೂಪಾಯಿ ಕೊಟ್ಟೆ. ಅದರ ಕುತ್ತಿಗೆ ಎರಡೇ ನಿಮಿಷಕ್ಕೆ ಜೋತುಬೀಳುತ್ತಿತ್ತು. ಸಾವಿರದ ಇನ್ನೂರರ ಆಸುಪಾಸಿನ ಗಟ್ಟಿ ಸ್ಟ್ಯಾಂಡ್ ತಂದ ಮೇಲೆ ಆ ತೊಂದರೆ ಮುಗಿಯಿತು. ರಂಗೋಲಿ ಪುಡಿ ಟ್ಯೂಬ್‌ಲೈಟಿನ ಬೆಳಕಿಗೆ ಪರದೆಯ ಮೇಲೆ ಬರೀ ಬಿಳಿ ಮಬ್ಬಾಗಿ ಕಾಣುತ್ತದೆ, ಆದ್ದರಿಂದ ಸುಣ್ಣದಕಡ್ಡಿಯೇ ಸರಿ. ಹಿಂಬದಿಯ ಕ್ಯಾಮೆರಾ ಬಳಸಬೇಕು, ಮತ್ತು ಆರಂಭಿಸುವ ಮೊದಲು ಹಲಗೆಯ ಮೇಲೆ ಒಂದು ‘ಅ’ ಬರೆದು ಅದು ಆ ಕಡೆ ನೆಟ್ಟಗೆ ಕಾಣುವುದೇ ಎಂದು ಮಗಳನ್ನು ಕೇಳಬೇಕು. ಫೋನು ತಿರುಗಿದ್ದರೆ ನಮ್ಮ ಮೇಲು ಅವನಿಗೆ ಕೆಳಗಾಗುತ್ತದೆ, ಮಗು ಸರಿಯಾಗಿ ಹೇಳಿಯೂ ಗೆರೆ ತಪ್ಪಾಗುತ್ತದೆ, ಸಿಟ್ಟಿನಿಂದ ಎದ್ದುಹೋಗುತ್ತದೆ.

ಒಂದು ಸಂಜೆಯದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಅವನು ‘ಅಪ್’ ಎಂದ. ನಾನು ಏನೂ ಹೇಳಲಿಲ್ಲ, ಸುಣ್ಣದಕಡ್ಡಿ ಚುಕ್ಕಿಯ ಮೇಲೆ ನಿಂತಿತು. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ‘ಮ್ಯಾಲೆ ಹೋಗ್ಲ್ಯೋ, ಕೆಳಗ ಹೋಗ್ಲ್ಯೋ?’ ಎಂದು ಕೇಳಿದೆ. ‘ಮ್ಯಾಲೆ’ ಎಂದ. ಕೈ ಹೊರಟಿತು. ‘ಎಷ್ಟು ಚುಕ್ಕಿ?’ ‘ಟೂ.’ ಕೈ ನಿಂತಿತು. ‘ಎರಡು.’ ಕೈ ಹೊರಟಿತು. ‘ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ?’ ಎಂದು ಕೇಳಿದಾಗ ಬೆರಳಿನಿಂದ ತನ್ನ ಕಾಗದ ತೋರಿಸಿದ. ಅದು ನನಗೆ ಕಾಣುವುದಿಲ್ಲ. ಕೊನೆಗೆ ‘ಇದರಿಂದ ಅದಕ್ಕೆ’ ಎಂದ. ನಾನು ಬೇರೆ ಚುಕ್ಕಿಗೆ ಎಳೆದೆ. ‘ಬ್ಯಾಡ ಅಜ್ಜಿ! ಅಳಸು! ಅಲ್ಲೆ ಅಲ್ಲ, ಆ ದೊಡ್ಡ ಚುಕ್ಕಿಗೆ!’ ಎಂದು ಕೂಗಿದ. ಯಾರೂ ಹೇಳಿಕೊಡದೆ, ಬೇಕಾಗಿ ಬಂದ ಮೊದಲ ಕನ್ನಡದ ಮಾತುಗಳು ಇವು.

ಇದರಲ್ಲಿ ನಾನು ಬಿಡದೆ ಪಾಲಿಸುವುದು ಎರಡು. ಮೊದಲನೆಯದು, ಅವನಿಗೆ ಬೇಕಾಗುವ ಪ್ರತ್ಯಯ ನನ್ನ ಪ್ರಶ್ನೆಯಲ್ಲಿಯೇ ಇರಬೇಕು. ‘ಯಿಂದ, ಗೆ’ ಎಂದು ನಾನು ಕೇಳಿದರೆ ಅವನು ಅದೇ ಬಾಲವನ್ನು ಎತ್ತಿಕೊಂಡು ಉತ್ತರಿಸುತ್ತಾನೆ, ‘ಎಲ್ಲಿ?’ ಎಂದಷ್ಟೇ ಕೇಳಿದರೆ ಬೆರಳು ತೋರಿಸಿ ಸುಮ್ಮನಾಗುತ್ತಾನೆ. ಎರಡನೆಯದು, ತಾಯಿ ಚೌಕಟ್ಟಿನಲ್ಲಿ ಇರಬಾರದು. ‘ಅಜ್ಜಿ ಹಿಂಗ ಕೇಳ್ಲಿಕತ್ತಾರ ನೋಡು’ ಎಂದು ಪಕ್ಕದಲ್ಲಿ ಅನುವಾದಕ್ಕೆ ನಿಂತ ತಾಯಿಯಿಂದಾಗುವಷ್ಟು ನಷ್ಟ ಬೇರಾವುದರಿಂದಲೂ ಆಗುವುದಿಲ್ಲ. ಕಾಗದ ಕೊಟ್ಟು ಅವಳು ಟಿಫಿನ್ ಡಬ್ಬಿ ಕಟ್ಟಲು ಹೋಗಬೇಕೆಂದು ನಾವು ಕರಾರು ಮಾಡಿಕೊಂಡೆವು. ಉಚ್ಚಾರ ತಿದ್ದುವುದನ್ನಂತೂ ನಾನು ಕೈಗೆತ್ತಿಕೊಳ್ಳಲೇ ಇಲ್ಲ. ‘ಕೆಲಗ’ ಎಂದರೂ ಕೈ ಕೆಳಗೆ ಹೋಗುತ್ತದೆ. ಮಗು ಪೂರ್ತಿ ಮೌನವಾಗಿ ಕುಳಿತ ದಿನ ನಾನು ಮಾಡುವ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಹಳ ಜನರ ಕಿವಿಗೆ ಬಿದ್ದು ಮೊಮ್ಮಗನಿಗೂ ತಲುಪಿದರೆ ಅದು ಕೆಲಸ ಮಾಡುವುದು ನಿಂತುಬಿಡುತ್ತದೆ.

ಸಮಯವನ್ನು ಅವನ ಗಡಿಯಾರಕ್ಕೆ ಕಟ್ಟಿದೆವು. ಅಲ್ಲಿ ಬೆಳಿಗ್ಗೆ ಏಳಕ್ಕೆ ಅವನು ತಿಂಡಿಗೆ ಕೂಡುತ್ತಾನೆ, ಆಗ ಇಲ್ಲಿ ಬೇಸಿಗೆಯಲ್ಲಿ ಸಂಜೆ ನಾಲ್ಕೂವರೆ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಸರಿದ ಮೇಲೆ ಇಲ್ಲಿ ಐದೂವರೆಯಾಗುತ್ತದೆ, ಮಾರ್ಚಿನ ಎರಡನೆಯ ಭಾನುವಾರದವರೆಗೆ ಹಾಗೆಯೇ. ಮೊದಲ ಚಳಿಗಾಲದಲ್ಲಿ ನಮ್ಮವರ ವಾಕಿಂಗಿಗಾಗಿ ಇಲ್ಲಿಯ ನಾಲ್ಕೂವರೆಯನ್ನೇ ಉಳಿಸಿಕೊಂಡಿದ್ದೆವು, ಅಲ್ಲಿ ಆರಕ್ಕೆ ಎದ್ದ ಮಗುವಿನಿಂದ ಒಂದು ಅಕ್ಷರವೂ ಹೊರಡಲಿಲ್ಲ. ಈಗ ವಾಕಿಂಗನ್ನೇ ಸರಿಸುತ್ತೇವೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚೌಕಾಬಾರಾ ಹಲಗೆಯನ್ನು ಎರಡೂ ಕಡೆ ಇಟ್ಟುಕೊಂಡು ಆಡಿದೆವು. ಮಗು ಬಹಳ ಸಂತೋಷಪಟ್ಟಿತು, ಆದರೆ ಆ ಆಟಕ್ಕೆ ಬೇಕಾಗುವುದು ಅಂಕಿ ಮಾತ್ರ, ವಾಕ್ಯವಲ್ಲ. ಎಂಟು ಬಿದ್ದರೆ ‘ಎಂಟು’ ಎಂದರೆ ಸಾಕು, ಅಲ್ಲಿಗೆ ಮಾತು ಮುಗಿಯಿತು. ಅಡುಗೆಯಲ್ಲಿಯೂ ಅಪ್ಪಣೆಯ ಪ್ರಯೋಗ ಮಾಡಿ ನೋಡಿದೆ. ಕೋಸಂಬರಿಗೆ ‘ಇನ್ನ ಹಾಕು, ಇನ್ನ ಹಾಕು’ ಎಂದು ಉಪ್ಪು ಹಾಕಿಸಿದ್ದರಿಂದ ಆ ದಿನದ ಕೋಸಂಬರಿ ಯಾರ ಬಾಯಿಗೂ ಹೋಗಲಿಲ್ಲ, ಮತ್ತು ಮಾತು ‘ಹಾಕು’ ಎಂಬುದನ್ನು ದಾಟಲಿಲ್ಲ. ಇಲ್ಲಿಯ ನನ್ನ ಮಗನ ಮಕ್ಕಳೊಂದಿಗೆ ಅವನನ್ನು ಕೂಡಿಸಿದರೆ ಐದು ನಿಮಿಷದಲ್ಲಿ ಮೂವರೂ ಇಂಗ್ಲಿಷಿಗೆ ಇಳಿಯುತ್ತಾರೆ. ಪುಣೆಯಲ್ಲಿ ನಾನು ನನ್ನ ಮಕ್ಕಳನ್ನು ಬೆಳೆಸುವಾಗ ಓಣಿಯ ಮರಾಠಿಯ ನಡುವೆಯೂ ಕನ್ನಡ ಉಳಿದದ್ದು ಮನೆಯಲ್ಲಿ ಅತ್ತೆಯವರು ಇಡೀ ದಿನ ಇದ್ದುದರಿಂದ. ಹತ್ತು ನಿಮಿಷದ ಫೋನಿಗೆ ಆ ಅನುಭವ ಉಪಯೋಗಕ್ಕೆ ಬರಲಿಲ್ಲ.

ಎರಡು ಮೂರು ತಿಂಗಳಲ್ಲಿ ಅಪ್ಪಣೆಗಳು ಸಲೀಸಾದವು, ಆದರೆ ಅಲ್ಲಿಗೇ ನಿಂತವು. ಮುಂದಿನ ಹೆಜ್ಜೆಗೆ ಅಜ್ಜನನ್ನು ಬಳಸಿಕೊಂಡೆ. ರಂಗೋಲಿ ನಡೆಯುವಾಗ ನಮ್ಮವರು ಹೊರಗಿರುತ್ತಾರೆ, ಮುಗಿದ ಮೇಲೆ ಒಳಗೆ ಬಂದು, ‘ಅಜ್ಜಿ ಇವತ್ತು ಏನ ಮಾಡಿದ್ಲಪಾ?’ ಎಂದು ಕೇಳುತ್ತಾರೆ. ನೋಡದವನಿಗೆ ಹೇಳಬೇಕಾದಾಗ ಮಾತ್ರ ಮಗುವಿಗೆ ಭೂತಕಾಲ ಬೇಕಾಗುತ್ತದೆ. ಮೊದಮೊದಲು ‘ಅಜ್ಜಿ ಗೆರಿ ಎಳಿ’ ಎನ್ನುತ್ತಿದ್ದ. ನಮ್ಮವರು ತಿದ್ದದೆ, ‘ಹೌದೇನು, ಎಳೆದ್ಲಾ? ಎಷ್ಟು ಎಳೆದ್ಲು?’ ಎಂದು ಕೇಳುತ್ತ ಹೋದರು. ಸ್ವಲ್ಪ ವಾರಗಳಲ್ಲಿ ‘ಎಳೆದ್ಲು, ಅಳಿಸಿದ್ಲು’ ಬಂದವು. ಅವುಗಳ ಹಿಂದೆಯೇ ‘ತಿನ್ನಿದ್ಲು, ಬೀಳಿತು’ ಎಂಬವೂ ಬಂದಾಗ ಮಗಳು ಗಾಬರಿಯಾದಳು. ನನಗೆ ಸಂತೋಷವಾಯಿತು, ಏಕೆಂದರೆ ಯಾರ ಬಾಯಿಂದಲೂ ಕೇಳದ ಆ ರೂಪಗಳನ್ನು ಅವನು ತಾನೇ ಕಟ್ಟಿಕೊಂಡಿದ್ದ. ತಿಂದಳು, ಬಂದಳು, ಬಿದ್ದಿತು ಇವು ನಿಯಮಕ್ಕೆ ಸಿಗದವು, ಕೇಳಿ ಕೇಳಿಯೇ ಬರಬೇಕು. ಅಜ್ಜನ ಕತೆಗಳು ಇಲ್ಲಿ ಕೆಲಸಕ್ಕೆ ಬಂದವು. ಅವುಗಳಲ್ಲಿ ‘ಬಂತು, ತಿಂತು, ಬಿತ್ತು’ ಸಾಲುಸಾಲಾಗಿರುತ್ತವೆ.

ಇದರ ಮಿತಿಯನ್ನೂ ಹೇಳಬೇಕು. ಕಳೆದ ಬೇಸಿಗೆಯಲ್ಲಿ ಮಗು ಪುಣೆಗೆ ಬಂದಾಗ ನಮ್ಮಿಬ್ಬರೊಂದಿಗೆ ಧಾರಾಳವಾಗಿ ಮಾತನಾಡಿದ, ಆದರೆ ಹುಬ್ಬಳ್ಳಿಯಿಂದ ಬಂದ ನಂಟರು ನಾಲ್ಕು ಜನ ಒಟ್ಟಿಗೆ ಮಾತನಾಡತೊಡಗಿದಾಗ ಬಾಯಿ ಬಿಡಲಿಲ್ಲ. ಒಬ್ಬರ ದನಿಗೆ, ಒಂದೇ ವೇಗಕ್ಕೆ ಅವನ ಕಿವಿ ಹೊಂದಿಕೊಂಡಿದೆ. ಈಗ ವಾರಕ್ಕೊಮ್ಮೆ ಹಲಗೆಯ ಮುಂದೆ ನನ್ನ ತಮ್ಮನನ್ನೋ ನಾದಿನಿಯನ್ನೋ ಧಾರವಾಡದಿಂದ ಕೂಡಿಸುತ್ತಿದ್ದೇನೆ, ಅವರು ಬೇಗ ಬೇಗ ಮಾತನಾಡುತ್ತಾರೆ, ಅವನು ‘ಸಾವಕಾಶ ಹೇಳು’ ಎಂದು ಅಪ್ಪಣೆ ಕೊಡುತ್ತಾನೆ.

ಬೀಗರು ಈಗ ತಮ್ಮ ಮರಾಠಿಗೂ ಇದನ್ನೇ ಹಿಡಿದಿದ್ದಾರೆ. ಅವರು ಮೊದಲು ರಂಗೋಲಿಯನ್ನೇ ತೆಗೆದುಕೊಂಡಾಗ ಮಗುವಿನ ಬಾಯಲ್ಲಿ ಅವರೆದುರು ಕನ್ನಡದ ‘ಮ್ಯಾಲೆ, ಕೆಳಗ’ ಬರತೊಡಗಿತು, ಏಕೆಂದರೆ ಆ ಕೆಲಸಕ್ಕೆ ಕನ್ನಡ ಅಂಟಿಕೊಂಡಿತ್ತು. ನನ್ನ ಸಲಹೆಯಂತೆ ಅವರು ಬಣ್ಣದ ಇಟ್ಟಿಗೆಗಳಿಂದ ಮನೆ ಕಟ್ಟುವುದಕ್ಕೆ ಬದಲಾಯಿಸಿಕೊಂಡರು. ಅವರ ಕರೆ ಶನಿವಾರ, ನಮ್ಮದು ಉಳಿದ ದಿನಗಳಲ್ಲಿ ನಾಲ್ಕು ಸಲ. ಅವರಿಗೂ ಮೊದಲು ಕೊಡಿಸಿದ್ದು ಆ ಸಾವಿರದ ಇನ್ನೂರರ ಸ್ಟ್ಯಾಂಡನ್ನೇ.