ದಾಳಿಂಬೆ ಸ್ಕ್ವಾಷ್ ಮಾಡುವಾಗ ಬೆಂಜೋಯೇಟ್ ಜೊತೆ ವಿಟಮಿನ್ ಸಿ ಪುಡಿ ಬೇಡ

ಬೇಸಿಗೆ ಹತ್ತಿರವಾದಂತೆ ವಿಜಯಪುರ, ಬಾಗಲಕೋಟೆ ಕಡೆಯ ಸಣ್ಣ ಘಟಕಗಳಲ್ಲೂ ಮಹಿಳಾ ಸಂಘಗಳಲ್ಲೂ ದಾಳಿಂಬೆ ಸ್ಕ್ವಾಷ್ ತಯಾರಿ ಜೋರಾಗುತ್ತದೆ. ಕೆಡದಿರಲಿ ಎಂದು ಸೋಡಿಯಂ ಬೆಂಜೋಯೇಟ್ ಹಾಕುತ್ತಾರೆ. ಆಮೇಲೆ ಪುಡಿ ಮಾರುವ ಅಂಗಡಿಯವರು, 'ಇದರ ಜೋಡಿ ಒಂದೀಟು ವಿಟಮಿನ್ ಸಿ ಹಾಕ್ರಿ, ಬಣ್ಣ ಚಲೋ ಉಳೀತದ' ಎಂದು ಇನ್ನೊಂದು ಪೊಟ್ಟಣ ಕೈಗಿಡುತ್ತಾರೆ. ಎಡವಟ್ಟಾಗುವುದು ಈ ಎರಡನೇ ಪೊಟ್ಟಣದಿಂದ. ವಿಟಮಿನ್ ಸಿ ಎಂದರೆ ಆಸ್ಕಾರ್ಬಿಕ್ ಆಮ್ಲ. ಅದೂ ಬೆಂಜೋಯೇಟೂ ಒಂದೇ ಬಾಟಲಿಯಲ್ಲಿ ಕೂಡಿದರೆ ಬೆಂಜೀನ್ ಹುಟ್ಟುವ ಸಾಧ್ಯತೆ ಇದೆ. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತು.

ಇದು ನಡೆಯುವ ಬಗೆ ತಿಳಿದರೆ ಮುಂದಿನ ಹಂತಗಳೆಲ್ಲ ಸಲೀಸು. ಪಾನೀಯದಲ್ಲಿ ತಾಮ್ರ ಅಥವಾ ಕಬ್ಬಿಣದ ಅಂಶ ಅತಿ ಸ್ವಲ್ಪ ಇದ್ದರೂ ಸಾಕು, ಆಸ್ಕಾರ್ಬಿಕ್ ಆಮ್ಲ ಅದರ ನೆರವಿನಿಂದ ಕರಗಿದ ಆಮ್ಲಜನಕವನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತದೆ. ಪೆರಾಕ್ಸೈಡ್ ಅದೇ ಲೋಹದ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಬಲು ಚುರುಕಿನ ಕಣವನ್ನು ಹುಟ್ಟಿಸುತ್ತದೆ. ಅದು ಬೆಂಜೋಯಿಕ್ ಆಮ್ಲದ ಮೇಲೆ ಎರಗಿದಾಗ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ಬೆಂಜೀನ್ ಉಳಿಯುತ್ತದೆ. ಶಾಖ ಮತ್ತು ಬೆಳಕು ಇದರ ವೇಗ ಹೆಚ್ಚಿಸುತ್ತವೆ. ಸಕ್ಕರೆ ಸ್ವಲ್ಪ ತಡೆಯುತ್ತದೆ, ಹಾಗಾಗಿ ಡಯಟ್ ಪಾನೀಯಗಳಲ್ಲಿ ಅಪಾಯ ಹೆಚ್ಚು.

ಹುಟ್ಟುವ ಪ್ರಮಾಣ ಒಂದು ಲೀಟರ್‌ಗೆ ಕೆಲವೇ ಮೈಕ್ರೋಗ್ರಾಂ, ಎಲ್ಲ ಬಾಟಲಿಯಲ್ಲೂ ಹುಟ್ಟುವುದಿಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ, ಅಮೆರಿಕದ್ದು 5. ಅಮೆರಿಕದ ಆಹಾರ ಇಲಾಖೆಗೆ ಈ ವಿಷಯ 1990ರಲ್ಲೇ ಗೊತ್ತಾಗಿತ್ತು. 2005ರಿಂದ 2007ರವರೆಗೆ ತಂಪು ಪಾನೀಯಗಳನ್ನು ಮತ್ತೆ ಪರೀಕ್ಷಿಸಿದಾಗ ಕೆಲವು 5ರ ಗೆರೆ ದಾಟಿದ್ದವು, ಅವುಗಳ ತಯಾರಕರು ಪಾಕವಿಧಾನ ಬದಲಿಸಿದರು. ಒಂದು ಬಾಟಲಿ ಕುಡಿದವರು ಗಾಬರಿಯಾಗಬೇಕಿಲ್ಲ. ಆದರೆ ತಯಾರಿಸುವವರಿಗೆ ಇದು ಸುಲಭವಾಗಿ ತಪ್ಪಿಸಬಹುದಾದ ದೋಷ, ತಪ್ಪಿಸಲೇಬೇಕು.

ಈಗ 10 ಕೆ.ಜಿ. ಸ್ಕ್ವಾಷ್‌ನ ಲೆಕ್ಕ. ದಾಳಿಂಬೆ ರಸ ಎರಡೂವರೆ ಕೆ.ಜಿ., ಸಕ್ಕರೆ ಸುಮಾರು 4.15 ಕೆ.ಜಿ., ಸಿಟ್ರಿಕ್ ಆಮ್ಲ 90 ಗ್ರಾಂ, ಉಳಿದದ್ದು ನೀರು, ಸುಮಾರು 3.25 ಕೆ.ಜಿ. ಇದರಿಂದ ಸಿಹಿ 45 ಬ್ರಿಕ್ಸ್ ಆಸುಪಾಸು, ಹುಳಿ ಶೇ 1ರಷ್ಟು ಬರುತ್ತದೆ. ರಸವನ್ನು 85 ಡಿಗ್ರಿಗೆ ಕಾಯಿಸಿ, ಆರಿಸಿ, ಸೋಸಿಟ್ಟುಕೊಳ್ಳಿ. ಸಕ್ಕರೆ ಪಾಕ ಕುದಿಸಿ ಸೋಸಿ. ಇಷ್ಟು ಎಲ್ಲರಿಗೂ ಬರುತ್ತದೆ.

ಸಂರಕ್ಷಕದ ಆಯ್ಕೆಯಲ್ಲಿ ನಿಧಾನಿಸಿ. ಹಳೆಯ ಪದ್ಧತಿ ಹೀಗಿದೆ: ನಿಂಬೆಯಂಥ ಬಣ್ಣವಿಲ್ಲದ ರಸಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ದಾಳಿಂಬೆ, ಕಪ್ಪು ದ್ರಾಕ್ಷಿಯಂಥ ಬಣ್ಣದ ರಸಕ್ಕೆ ಬೆಂಜೋಯೇಟ್. ಸಲ್ಫೈಟ್ ಕೆಂಪು ಬಣ್ಣವನ್ನು ಬಿಳಿಚಿಸುವುದರಿಂದ ದಾಳಿಂಬೆಗೆ ಬೆಂಜೋಯೇಟ್ ಬಂತು. ಇಂಡಿ ಕಡೆಯ ನಿಂಬೆ ಸ್ಕ್ವಾಷ್‌ಗೆ ಸಲ್ಫೈಟೇ ಸರಿ. ನಿಂಬೆಯಲ್ಲಿ ವಿಟಮಿನ್ ಸಿ ಹುಟ್ಟುಗುಣವಾಗಿಯೇ ಇರುವಾಗ ಅದಕ್ಕೆ ಬೆಂಜೋಯೇಟ್ ಸೇರಿಸುವುದು ತಪ್ಪು ಜೋಡಿ. ಅಸ್ತಮಾ ಇರುವವರಿಗೆ ಸಲ್ಫೈಟ್ ಆಗಿಬರದೇ ಇರಬಹುದು, ಆದ್ದರಿಂದ ಲೇಬಲ್‌ನಲ್ಲಿ ಅದನ್ನು ಮರೆಮಾಚಬೇಡಿ.

ದಾಳಿಂಬೆಗೆ ನನ್ನ ಸಲಹೆ ಪೊಟ್ಯಾಸಿಯಂ ಸಾರ್ಬೇಟ್. ಅದರಲ್ಲಿ ಬೆಂಜೀನ್ ಉಂಗುರವೇ ಇಲ್ಲ, ಆದ್ದರಿಂದ ಈ ದಾರಿಯಲ್ಲಿ ಬೆಂಜೀನ್ ಹುಟ್ಟುವ ಪ್ರಶ್ನೆ ಇಲ್ಲ, ಬೂಷ್ಟು ಮತ್ತು ಯೀಸ್ಟನ್ನೂ ಚೆನ್ನಾಗಿ ತಡೆಯುತ್ತದೆ. ದರ ಹೆಚ್ಚೆಂಬುದು ನಿಜ, ಆದರೆ 10 ಕೆ.ಜಿ.ಗೆ ಬೇಕಾಗುವುದು ಕೆಲವೇ ಗ್ರಾಂ. ಮಿತಿಯನ್ನು ಸಾರ್ಬಿಕ್ ಆಮ್ಲದ ಲೆಕ್ಕದಲ್ಲಿ ಹೇಳಿರುತ್ತಾರೆ, 1 ಗ್ರಾಂ ಆಮ್ಲಕ್ಕೆ 1.34 ಗ್ರಾಂ ಸಾರ್ಬೇಟ್ ಪುಡಿ ಬೇಕು. ನಿಮ್ಮ ಬಗೆಯ ಪಾನೀಯಕ್ಕೆ ಈಗ ಜಾರಿಯಲ್ಲಿರುವ ಮಿತಿಯನ್ನು ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ನೋಡಿಕೊಂಡೇ ತೂಗಿ.

ಬೆಂಜೋಯೇಟನ್ನೇ ಬಳಸುತ್ತೇವೆ ಎನ್ನುವವರಿಗೆ ಲೆಕ್ಕ: ಸ್ಕ್ವಾಷ್‌ಗೆ ರೂಢಿಯ ಮಿತಿ ಕೆ.ಜಿ.ಗೆ 600 ಮಿಲಿಗ್ರಾಂ ಬೆಂಜೋಯಿಕ್ ಆಮ್ಲ, ಅಂದರೆ 10 ಕೆ.ಜಿ.ಗೆ 6 ಗ್ರಾಂ. ಸೋಡಿಯಂ ಬೆಂಜೋಯೇಟ್ ಆದರೆ 1.18ರಿಂದ ಗುಣಿಸಿ, 7.1 ಗ್ರಾಂ. 'ಒಂದು ಚಮಚ' ಎಂಬ ಅಳತೆ ಬಿಟ್ಟುಬಿಡಿ. 0.1 ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹೆಚ್ಚಿನವರು ತಪ್ಪುವುದು ಬೆರೆಸುವ ಕ್ರಮದಲ್ಲಿ. ಹುಳಿ ರಸದೊಳಕ್ಕೆ ನೇರವಾಗಿ ಪುಡಿ ಸುರಿದರೆ ಬೆಂಜೋಯೇಟ್ ಅಲ್ಲೇ ಬೆಂಜೋಯಿಕ್ ಆಮ್ಲವಾಗಿ, ಬಿಳಿ ಚಕ್ಕೆಯಾಗಿ ಒಡೆದು ನಿಲ್ಲುತ್ತದೆ. ಕೆಲವು ಬಾಟಲಿಗೆ ಚಕ್ಕೆ ತುಂಬಿ ಪ್ರಮಾಣ ಮಿತಿ ಮೀರುತ್ತದೆ, ಇನ್ನು ಕೆಲವಕ್ಕೆ ಏನೂ ಸಿಗದೆ ಹದಿನೈದು ದಿನಕ್ಕೆ ಬುರುಗು ಬಂದು ಮುಚ್ಚಳ ಹಾರುತ್ತದೆ. ಆಗ ಜನ ಪುಡಿ ಸಾಲಲಿಲ್ಲವೆಂದುಕೊಂಡು ಮುಂದಿನ ಸಲ ಎರಡರಷ್ಟು ಹಾಕುತ್ತಾರೆ. ಸಾರ್ಬೇಟ್ ಕೂಡ ಹೀಗೆಯೇ ಒಡೆಯುತ್ತದೆ. ಆದ್ದರಿಂದ ಪುಡಿಯನ್ನು ಅದರ ಹತ್ತುಪಟ್ಟು ಬೆಚ್ಚಗಿನ ನೀರಿನಲ್ಲಿ, ತಿಳಿಯಾಗುವವರೆಗೂ ಕರಗಿಸಿ. ಆರಿದ ಸಕ್ಕರೆ ಪಾಕಕ್ಕೆ ಆ ನೀರನ್ನು ಬೆರೆಸಿ ಚೆನ್ನಾಗಿ ತಿರುವಿ. ಆಮೇಲೆ ರಸ, ಕೊನೆಗೆ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲವನ್ನು ತಿರುವುತ್ತಲೇ ಸಣ್ಣ ಧಾರೆಯಲ್ಲಿ ಹಾಕಿ. ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಬಿಳಿ ಎಳೆ ಕಂಡರೆ ಆ ಬ್ಯಾಚನ್ನು ತುಂಬಬೇಡಿ.

ಬೆಂಜೋಯೇಟ್ ಇರುವ ಬ್ಯಾಚಿಗೆ ವಿಟಮಿನ್ ಸಿ ಪುಡಿ ಚಿಟಿಕೆಯೂ ಬೇಡ. ಕಡಿಮೆ ಹಾಕಿದರೆ ಪರವಾಗಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ಬೆಂಜೀನ್ ಹುಟ್ಟಲು ಅಷ್ಟೇ ಸಾಕಾಗುತ್ತದೆ. ಬಣ್ಣ ಉಳಿಯುತ್ತದೆಂಬ ಮಾತೂ ಸುಳ್ಳು, ದಾಳಿಂಬೆಯ ಕೆಂಪನ್ನು ಆಸ್ಕಾರ್ಬಿಕ್ ಆಮ್ಲ ಇನ್ನೂ ಬೇಗ ಕಂದಿಸುತ್ತದೆ. ಹುಳಿಗೆಂದು ನಿಂಬೆರಸ ಹಿಂಡುವುದೂ ಬೇಡ, ಸಿಟ್ರಿಕ್ ಆಮ್ಲ ಸಾಕು. 'ಆಲ್ ಇನ್ ಒನ್' ಎಂದು ಮಾರುವ, ಒಳಗೇನಿದೆ ಎಂದು ಬರೆಯದ ಸಂರಕ್ಷಕ ಮಿಶ್ರಣವನ್ನು ಕೊಳ್ಳಲೇಬೇಡಿ. ದಾಳಿಂಬೆ ರಸದಲ್ಲೂ ಸ್ವಲ್ಪ ವಿಟಮಿನ್ ಸಿ ಇದ್ದೇ ಇರುತ್ತದೆ. ಸಾರ್ಬೇಟ್ ವಾಸಿ ಎನ್ನಲು ಅದೂ ಕಾರಣ.

ಲೋಹವನ್ನು ದೂರವಿಡಿ. ಕಲಾಯಿ ಕಿತ್ತ ಹಿತ್ತಾಳೆ ಬೋಗುಣಿ, ತಾಮ್ರದ ಹಂಡೆ, ತುಕ್ಕು ಹಿಡಿದ ಸೌಟು ಯಾವುದೂ ಬೇಡ, ಎಲ್ಲ ಸ್ಟೀಲೇ ಇರಲಿ. ಬೋರ್‌ವೆಲ್ ನೀರು ನಿಂತ ಮೇಲೆ ಕೆಂಪಗೆ ಕೂರುತ್ತಿದ್ದರೆ ಅದು ಕಬ್ಬಿಣ, ಆರ್‌ಒ ನೀರು ಬಳಸಿ.

ತುಂಬಿದ ಪೆಟ್ಟಿಗೆಗಳನ್ನು ತಗಡಿನ ಶೆಡ್ಡಿನಲ್ಲಿ, ಅಂಗಡಿ ಮುಂದಿನ ಬಿಸಿಲಿನಲ್ಲಿ ಇಡಬೇಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ಇರುತ್ತದೆ. ಅಂಗಡಿಯಿಂದ ಕೊಳ್ಳುವವರು ಹಿಂಬದಿಯ ಲೇಬಲ್‌ನಲ್ಲಿ ಬೆಂಜೋಯೇಟ್ ಗುಂಪಿನ ಸಂಖ್ಯೆಗಳಾದ ಐಎನ್‌ಎಸ್ 210, 211 ಅಥವಾ 212 ಇದ್ದು, ಜೊತೆಗೆ ಆಸ್ಕಾರ್ಬಿಕ್ ಆಮ್ಲದ ಸಂಖ್ಯೆ 300 ಕೂಡ ಇದೆಯೇ ನೋಡಿ. ಎರಡೂ ಇದ್ದ ಮಾತ್ರಕ್ಕೆ ಬೆಂಜೀನ್ ಇದೆ ಎಂದಲ್ಲ. ಆದರೆ ಆ ಬಾಟಲಿ ಬಿಸಿಲಲ್ಲಿ ನಿಂತಿದ್ದರೆ ಬೇರೆಯದು ಕೇಳಿ.

ಬೆಂಜೀನನ್ನು ಈ ಪ್ರಮಾಣದಲ್ಲಿ ಮೂಗು, ನಾಲಿಗೆ ಗುರುತಿಸಲಾರವು. ಗ್ಯಾಸ್ ಕ್ರೊಮ್ಯಾಟೋಗ್ರಫಿ ಇರುವ ಪ್ರಯೋಗಾಲಯಕ್ಕೇ ಕಳಿಸಬೇಕು. ಕಳಿಸುವಾಗ ಅಂದೇ ತುಂಬಿದ ಬಾಟಲಿ ಕೊಟ್ಟರೆ ಉಪಯೋಗವಿಲ್ಲ, ಬೆಂಜೀನ್ ಹುಟ್ಟುವುದು ಇಟ್ಟ ಮೇಲೆ. ಒಂದೇ ಬ್ಯಾಚಿನ ಎರಡು ಬಾಟಲಿ ತೆಗೆದು, ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಎರಡು ವಾರ 40 ಡಿಗ್ರಿ ಬಿಸಿಯಲ್ಲಿ ಇಟ್ಟು, ಮುಚ್ಚಳ ತೆರೆಯದೆ ಎರಡನ್ನೂ ಕಳಿಸಿ. ಬೆಂಜೀನ್ ಬೇಗ ಆವಿಯಾಗುವುದರಿಂದ ತೆರೆದ ಬಾಟಲಿಯ ಫಲಿತಾಂಶ ನಂಬುವಂತಿರುವುದಿಲ್ಲ.