ಗಿಡ್ಡ ಬೆರಳಿಗೆ ನೇಲ್ ಪಾಲಿಶ್ ಆರಿಸುವಾಗ

ಬೆರಳು ಗಿಡ್ಡ ಇದ್ದರೆ ನಿಮ್ಮ ಚರ್ಮದ ಬಣ್ಣಕ್ಕೆ ಹತ್ತಿರದ, ಅರ್ಧ ಛಾಯೆಯಷ್ಟು ಮಾತ್ರ ಗಾಢವಾದ ನೇಲ್ ಪಾಲಿಶ್ ಹಚ್ಚಿ. ಬೆರಳು ಎಲ್ಲಿ ಮುಗಿಯಿತು, ಉಗುರು ಎಲ್ಲಿ ಶುರುವಾಯಿತು ಅನ್ನುವ ಗೆರೆ ಎದ್ದು ಕಾಣುವುದಿಲ್ಲ. ಹಾಗಾಗಿ ಎರಡೂ ಒಂದಾಗಿ ಬೆರಳು ಉದ್ದವಾಗಿ ಕಾಣುತ್ತದೆ. ಬಿಳಿ ಮೈಬಣ್ಣಕ್ಕೆ ತಿಳಿ ಗುಲಾಬಿ, ಗೋಧಿ ಬಣ್ಣಕ್ಕೆ ಪೀಚ್ ಅಥವಾ ಕಂದು ಬೆರೆತ ಗುಲಾಬಿ, ಕಪ್ಪು ಮೈಬಣ್ಣಕ್ಕೆ ಕ್ಯಾರಮೆಲ್ ಅಥವಾ ಸ್ವಲ್ಪ ಕೆಂಪು ಕಲೆತ ಚಾಕೊಲೇಟ್ ಕಂದು ನೋಡಿ. ‘ನ್ಯೂಡ್’ ಅಂತ ಬರೆದಿದೆ ಎಂದು ಸುಮ್ನೆ ತೆಗೆದುಕೊಳ್ಳಬೇಡಿ. ಆ ಹೆಸರಿನ ಎಷ್ಟೋ ತಿಳಿ ಬಣ್ಣಗಳಲ್ಲಿ ಬಿಳಿ ಅಂಶ ಜಾಸ್ತಿ, ಗಾಢ ಚರ್ಮದ ಮೇಲೆ ಅವು ಸುಣ್ಣ ಬಳಿದಂತೆ ಕಾಣುತ್ತವೆ. ಪಾರದರ್ಶಕ ಟೇಪ್ ತುಂಡಿಗೆ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ಉಗುರಿನ ಮೇಲಿಟ್ಟು ಕಿಟಕಿಯ ಬೆಳಕಿನಲ್ಲಿ ನೋಡಿ. ಬೆರಳು ಮಂಕಾಗಿ ಕಂಡರೆ ಆ ಬಣ್ಣ ಬೇಡ. ಬಣ್ಣ ಚರ್ಮಕ್ಕೆ ಪೂರ್ತಿ ಹೊಂದಿಬಿಟ್ಟರೂ ಕಷ್ಟ, ಉಗುರೇ ಇಲ್ಲ ಅನ್ನಿಸುತ್ತದೆ! ಆಗ ಮೇಲೊಂದು ಹೊಳಪಿನ ಟಾಪ್ ಕೋಟ್ ಹಾಕಿ. ಉಗುರು ಅಗಲವಾಗಿದ್ದರೆ ಬಣ್ಣವೊಂದೇ ಸಾಲದು, ಎರಡೂ ಬದಿಯಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ಹಚ್ಚಬೇಕು. ಕಡುಗೆಂಪು ಇಷ್ಟವಿರುವವರಿಗೂ ಇದೇ ಉಪಾಯ, ಬೆರಳು ಅಷ್ಟೊಂದು ಉದ್ದ ಕಾಣದಿದ್ದರೂ ಉಗುರು ಸಪೂರ ಕಾಣುತ್ತದೆ.